ರಿಟೈರ್ ಆದ ಕೂಡಲೇ ಮಾರ್ಕೆಟ್ ಬಿದ್ದರೆ ಎಸ್‌ಡಬ್ಲ್ಯೂಪಿ ಗತಿ ಏನು?

ಪ್ರಶ್ನೆ: ಮಾರ್ಚ್‌ನಲ್ಲಿ ರಿಟೈರ್ ಆಗ್ತಿದ್ದೇನೆ. ಇಂಡೆಕ್ಸ್ ಫಂಡಿನಲ್ಲಿ 1 ಕೋಟಿ ಇದೆ, ಎಸ್‌ಡಬ್ಲ್ಯೂಪಿಯಲ್ಲಿ, ಅಂದರೆ ನಿಯಮಿತವಾಗಿ ಯೂನಿಟ್ ಮಾರಿ, ವರ್ಷಕ್ಕೆ 6 ಲಕ್ಷ ತೆಗೆಯಬೇಕು ಅಂತಿದ್ದೇನೆ. ಶುರುವಿನಲ್ಲೇ ಮಾರ್ಕೆಟ್ ಬಿದ್ದರೂ ಆಮೇಲೆ ಏರುತ್ತದಲ್ವಾ, ಭಯ ಯಾಕೆ?

ಏರುತ್ತದೆ, ಸರಿ. ಆದರೆ ಅದು ಏರುವ ಹೊತ್ತಿಗೆ ನಿಮ್ಮ ಕೈಯಲ್ಲಿ ಎಷ್ಟು ಯೂನಿಟ್ ಉಳಿದಿರುತ್ತವೆ ಅನ್ನೋದನ್ನು ನೋಡಬೇಕು.

2008ನ್ನೇ ತಗೊಳ್ಳಿ. 2007ರ ಕೊನೆಗೆ ಸೆನ್ಸೆಕ್ಸ್ ಸುಮಾರು 20,287 ಇತ್ತು. ಒಂದೇ ವರ್ಷದಲ್ಲಿ 9,647ಕ್ಕೆ ಬಿತ್ತು, 2009ರ ಕೊನೆಗೆ 17,465, 2010ರ ಕೊನೆಗೆ 20,509. ಅಂದರೆ ಮೂರು ವರ್ಷಕ್ಕೆ ಹೊರಟ ಜಾಗಕ್ಕೇ ವಾಪಸ್. ಸುಮ್ನೆ ಕೂತವನಿಗೆ ಏನೂ ಆಗಲಿಲ್ಲ.

ಈಗ ನಿಮ್ಮ ಹಾಗೆ ತೆಗೆಯುತ್ತಿದ್ದವರ ಲೆಕ್ಕ ನೋಡೋಣ. ಎನ್‌ಎವಿ, ಅಂದರೆ ಒಂದು ಯೂನಿಟ್ ಬೆಲೆ, 100 ರೂಪಾಯಿ, ನಿಮ್ಮ ಹತ್ತಿರ 1 ಲಕ್ಷ ಯೂನಿಟ್ ಅಂದ್ಕೊಳ್ಳಿ (ಡಿವಿಡೆಂಡ್, ತೆರಿಗೆ ಬಿಡಿ). 2008ರ ಜನವರಿಯಲ್ಲಿ 6 ಲಕ್ಷಕ್ಕೆ 6,000 ಯೂನಿಟ್ ಮಾರಿದರೆ ಸಾಕಿತ್ತು. ಮರುವರ್ಷ ಎನ್‌ಎವಿ ಸುಮಾರು 47.50, ಅದೇ 6 ಲಕ್ಷಕ್ಕೆ 12,600 ಯೂನಿಟ್ ಹೋದವು. ಮಾರ್ಕೆಟ್ ಮೇಲೆದ್ದಾಗ ಆ ಯೂನಿಟ್‌ಗಳೇ ಇರಲಿಲ್ಲ, ಇನ್ನು ಅವು ಏರೋದೆಲ್ಲಿ? 2010ರ ಕೊನೆಗೆ ಉಳಿದದ್ದು ಸುಮಾರು 75 ಲಕ್ಷ. ಇದೇ ಮೂರು ವರ್ಷಗಳನ್ನು ತಿರುಗಿಸಿ, ಮೊದಲು ಏರಿಕೆ, ಕೊನೆಗೆ ಬೀಳೋದು ಅಂತ ಇಟ್ಟರೆ 87 ಲಕ್ಷ ಉಳಿಯುತ್ತದೆ. ಸರಾಸರಿ ಅದೇ, ತೆಗೆದ ದುಡ್ಡೂ ಅದೇ, ವ್ಯತ್ಯಾಸ ಮಾತ್ರ 12 ಲಕ್ಷ. ಹಾಗಾಗಿ "ಸರಾಸರಿ 12% ಬರುತ್ತೆ ಸಾರ್" ಅನ್ನೋ ಏಜೆಂಟರ ಮಾತು ದುಡ್ಡು ಹಾಕುವಾಗ ಸರಿ ಇರಬಹುದು, ತೆಗೆಯುವಾಗ ಅದನ್ನು ನಂಬಿ ಕೂರಬೇಡಿ.

ನಾನಾಗಿದ್ದರೆ ಮೂರು ವರ್ಷದ ಖರ್ಚು 18 ಲಕ್ಷವನ್ನು ರಿಟೈರ್ ಆಗುವ ಮೊದಲೇ ಎಫ್‌ಡಿಗೆ ಹಾಕಿ, ಮಾರ್ಕೆಟ್ ಬಿದ್ದ ವರ್ಷ ಅದರಿಂದಲೇ ತಿನ್ನುತ್ತಿದ್ದೆ. ಮೇಲಿನ ಲೆಕ್ಕದಲ್ಲಿ ಮೂರೂ ವರ್ಷ ಹಾಗೆ ಮಾಡಿದ್ದರೆ ಫಂಡಿನಲ್ಲಿ 75ರ ಬದಲು ಸುಮಾರು 83 ಲಕ್ಷ ಇರುತ್ತಿತ್ತು, ಎಫ್‌ಡಿ ಬಡ್ಡಿ ಬೇರೆ. ಫಂಡ್ ಚೆನ್ನಾಗಿ ಏರಿದ ವರ್ಷ ಮಾತ್ರ ಅಲ್ಲಿಂದ ಮಾರಿ ಎಫ್‌ಡಿ ಮತ್ತೆ ತುಂಬಿಸಬೇಕು. ಜನ ತಪ್ಪೋದು ಇಲ್ಲೇ, ಏರುತ್ತಿರುವಾಗ ಮಾರೋಕೆ ಮನಸ್ಸೇ ಬರಲ್ಲ.

ಇದಕ್ಕೂ ಮಿತಿ ಇದೆ. ಜಪಾನಿನ ನಿಕ್ಕೈ 1989ರ ಕೊನೆಯಲ್ಲಿ ಮುಟ್ಟಿದ ಮಟ್ಟವನ್ನು ಮತ್ತೆ ದಾಟಿದ್ದು 2024ರಲ್ಲಿ. ಅಂಥದ್ದಕ್ಕೆ ಮೂರು ವರ್ಷದ ಎಫ್‌ಡಿ ಎಲ್ಲಿ ಸಾಲುತ್ತದೆ? ಆಗ ತೆಗೆಯೋದನ್ನೇ ಕಡಿಮೆ ಮಾಡಬೇಕು. ನಿಮ್ಮ 6 ಲಕ್ಷವೂ ನನಗೆ ಸ್ವಲ್ಪ ಜಾಸ್ತಿಯೇ ಅನ್ನಿಸುತ್ತದೆ, ಯಾಕೆಂದರೆ ಬೆಲೆ ಏರಿದ ಹಾಗೆ ಅದೂ ಏರುತ್ತಾ ಹೋಗುತ್ತದೆ, ನನ್ನ ಲೆಕ್ಕದಲ್ಲಿ ಅದನ್ನು ಸೇರಿಸಿಯೇ ಇಲ್ಲ.

ಪೆನ್ಶನ್ ಬರುತ್ತದಾ ಅಂತ ನೀವು ಬರೆದಿಲ್ಲ. ಆ 6 ಲಕ್ಷದಲ್ಲಿ ಅರ್ಧ ಅದರಿಂದಲೇ ಬರುವುದಾದರೆ 9 ಲಕ್ಷ ಪಕ್ಕಕ್ಕಿಟ್ಟರೂ ನಡೆಯುತ್ತದೆ.