ಸೆಟ್ ಟಾಪ್ ಬಾಕ್ಸ್ ಹಾಕಿದ ಮೇಲೆ ಟಿವಿಯಲ್ಲಿ ಚಿತ್ರದ ಅಂಚು ಕಟ್ ಆಗ್ತಿದೆ, ಏನು ಮಾಡಲಿ?

ಪ್ರಶ್ನೆ: ಹೊಸ ಸೆಟ್ ಟಾಪ್ ಬಾಕ್ಸ್ ಹಾಕಿಸಿದ್ದೇವೆ. ನ್ಯೂಸ್ ಚಾನೆಲ್‌ನಲ್ಲಿ ಕೆಳಗೆ ಓಡುವ ಸಾಲು ಅರ್ಧ ಕಾಣುತ್ತೆ, ಕ್ರಿಕೆಟ್ ಸ್ಕೋರೂ ಅಂಚಿಗೆ ಕಟ್ ಆಗುತ್ತೆ. ಚಿತ್ರದ ಅಗಲ-ಎತ್ತರದ ಲೆಕ್ಕ 4:3, 16:9 ಎರಡೂ ಹಾಕಿ ನೋಡಿದೆ. ಬಾಕ್ಸ್ ಕೆಟ್ಟಿದೆಯಾ?

ಬಾಕ್ಸ್ ಕೆಟ್ಟಿರಲಿಕ್ಕಿಲ್ಲ. ಚಿತ್ರವನ್ನು ಬಾಕ್ಸ್ ಕತ್ತರಿಸುತ್ತಿದೆಯೋ ಟಿವಿ ಕತ್ತರಿಸುತ್ತಿದೆಯೋ ಮೊದಲು ಕಂಡುಹಿಡಿಯಿರಿ. ಅದಕ್ಕೆ ಒಂದು ಸ್ಕೇಲ್ ಸಾಕು.

ಮಂಡ್ಯದಲ್ಲಿ ನಮ್ಮ ಚಿಕ್ಕಮ್ಮನ ಮನೆಯಲ್ಲೂ ಇದೇ ಕಾಟ ಇತ್ತು. ಮೈಸೂರಿನಿಂದ ಹೋದಾಗಲೆಲ್ಲ "ಎಲ್ಲರ ಮುಖಾನೂ ಊದಿಕೊಂಡಿದೆ ನೋಡೋ" ಅನ್ನುತ್ತಿದ್ದರು. ಒಂದು ದಿನ ಪರದೆ ಮೇಲೆ ರಾಷ್ಟ್ರಧ್ವಜ ದೊಡ್ಡದಾಗಿ ಬಂದಾಗ ಚಕ್ರಕ್ಕೆ ಸ್ಕೇಲ್ ಹಿಡಿದೆ. ಅಗಲ 12 ಸೆಂ.ಮೀ., ಎತ್ತರ 9. ಚಕ್ರ ದುಂಡಗಿರಬೇಕು ಅಲ್ವಾ? 12ಕ್ಕೆ 9 ಅಂದರೆ 4ಕ್ಕೆ 3. ಕಾರಣ ಅಲ್ಲೇ ಸಿಕ್ಕಿತು. ಬಾಕ್ಸ್‌ನಲ್ಲಿ 4:3 ಹಾಕಿದ್ದರು. ಅದು ಅಗಲದ ಚಿತ್ರದ ಎರಡು ಪಕ್ಕವನ್ನೂ ಕತ್ತರಿಸಿ ಕಳಿಸುತ್ತಿತ್ತು. ಟಿವಿ ಅದನ್ನು ಅಗಲಕ್ಕೆ 3 ಇದ್ದದ್ದು 4 ಆಗುವಷ್ಟು ಎಳೆದು ತನ್ನ 16:9 ಪರದೆ ತುಂಬಿಸುತ್ತಿತ್ತು. ಹೀಗಾದಾಗ ಅಗಲದಲ್ಲಿ ಕಾಲು ಭಾಗವೇ ಹೋಗುತ್ತದೆ, ಜೊತೆಗೆ ಮುಖಗಳೂ ದಪ್ಪ ಆಗುತ್ತವೆ.

ಬಾಕ್ಸ್‌ನ ಸೆಟ್ಟಿಂಗ್ಸ್‌ನಲ್ಲಿ 16:9 ಮಾಡಿದೆ. ಚಕ್ರ ದುಂಡಗಾಯಿತು, ಪಕ್ಕಗಳೂ ಬಂದವು. ಆದರೆ ನಿಮ್ಮ ಹಾಗೆಯೇ ಕೆಳಗಿನ ಸಾಲು ಇನ್ನೂ ಸ್ವಲ್ಪ ಕಟ್ ಆಗುತ್ತಿತ್ತು. ನಾಲ್ಕೂ ಕಡೆ ಒಂದಿಷ್ಟು ಹೋಗಿ, ದುಂಡು ಮಾತ್ರ ದುಂಡಗೇ ಇದ್ದರೆ ಅದು ಟಿವಿ ಮಾಡುವ ಕೆಲಸ. ಇದನ್ನೇ ಓವರ್‌ಸ್ಕ್ಯಾನ್ ಅನ್ನುತ್ತಾರೆ. ಬಾಕ್ಸ್‌ನ ಚಾನೆಲ್ ಪಟ್ಟಿ ತೆರೆದು ನೋಡಿ. ಅದರ ಅಂಚಿನ ಅಕ್ಷರಗಳೂ ಕಟ್ ಆಗಿದ್ದರೆ ಅನುಮಾನವೇ ಬೇಡ.

ಇದು ಹಳೇ ಡಬ್ಬಾ ಟಿವಿ ಕಾಲದ ಅಭ್ಯಾಸ. ಆ ಪಿಕ್ಚರ್ ಟ್ಯೂಬ್‌ಗಳಲ್ಲಿ ಚಿತ್ರ ಅಂಚಿಗೆ ಸರಿಯಾಗಿ ಕೂರುತ್ತಿರಲಿಲ್ಲ. ಅದಕ್ಕೇ ಚಿತ್ರವನ್ನು ಸ್ವಲ್ಪ ಹಿಗ್ಗಿಸಿ, ಅಂಚನ್ನು ಚೌಕಟ್ಟಿನ ಹಿಂದೆ ಬಿಡುತ್ತಿದ್ದರು. ಈಗಿನ ಟಿವಿಗೆ ಅದರ ಅಗತ್ಯವಿಲ್ಲ, ಆದರೂ ಎಷ್ಟೋ ಟಿವಿಗಳು ಸುಮ್ನೆ ಹಾಗೇ ಮಾಡುತ್ತವೆ. ಟಿವಿ ನೂರಕ್ಕೆ 5ರಷ್ಟು ಹೀಗೆ ಬಿಟ್ಟರೆ, 1080 ಗೆರೆಗಳಲ್ಲಿ ಮೇಲೆ 27, ಕೆಳಗೆ 27 ಹೋದವು. ಸ್ಕೋರ್ ಪಟ್ಟಿ ತಿನ್ನಲು ಅಷ್ಟು ಸಾಕು.

ಇದನ್ನು ಟಿವಿಯ ರಿಮೋಟ್‌ನಿಂದಲೇ ಸರಿ ಮಾಡಬೇಕು, ಬಾಕ್ಸ್ ರಿಮೋಟ್‌ನಿಂದ ಆಗದು. ಪಿಕ್ಚರ್ ಸೈಜ್ ಮೆನುವಿನಲ್ಲಿ ಸ್ಯಾಮ್‌ಸಂಗ್‌ನ ಹಳೇ ಸೆಟ್‌ಗಳಲ್ಲಿ Screen Fit, ಹೊಸದರಲ್ಲಿ Fit to Screen ಇರುತ್ತದೆ. ಎಲ್‌ಜಿಯಲ್ಲಿ Just Scan ಹುಡುಕಿ. ಸೋನಿಯಲ್ಲಿ Display Area ಅನ್ನುವಲ್ಲಿ Full Pixel ಇರುತ್ತದೆ. Zoom ಕಡೆ ಹೋಗಲೇಬೇಡಿ, ಅದು ಇನ್ನೂ ಜಾಸ್ತಿ ಕತ್ತರಿಸುತ್ತದೆ.

ಚಿಕ್ಕಮ್ಮನ ಟಿವಿಯಲ್ಲಿ Screen Fit ಮಂಕಾಗಿತ್ತು, ಒತ್ತಿದರೆ ಆಗುತ್ತಿರಲಿಲ್ಲ. ತಿರುಗಿಸಿ ನೋಡಿದರೆ ಕೆಂಪು, ಬಿಳಿ, ಹಳದಿ ಪಿನ್ನಿನ ಎವಿ ಕೇಬಲ್! ಬಾಕ್ಸ್ ಹಿಂದೆ ಎಚ್‌ಡಿಎಂಐ ಇದ್ದರೂ ಹಾಕಿದವರು ಅದನ್ನು ಬಳಸಿರಲಿಲ್ಲ. ಎವಿಯಲ್ಲಿ ಹೋಗುವುದು 576 ಗೆರೆಯ ಚಿತ್ರ. ಆ ಟಿವಿಯಲ್ಲಿ ಅದಕ್ಕೆ ಈ ಆಯ್ಕೆಯೇ ಇಲ್ಲ. ಎಚ್‌ಡಿಎಂಐ ಕೇಬಲ್ ತಂದು ಹಾಕಿ, ಬಾಕ್ಸ್‌ನ ರೆಸಲ್ಯೂಷನ್ 1080i ಮಾಡಿದ ಮೇಲೆ ಅದು ತೆರೆಯಿತು. ಸಾಲು ಪೂರ್ತಿ ಬಂತು. ರೆಸಲ್ಯೂಷನ್ Auto ಅಂತ ಬಿಟ್ಟರೆ ಕೆಲವು ಬಾಕ್ಸ್‌ಗಳು ಎಸ್‌ಡಿ ಚಾನೆಲ್ ಬಂದಾಗ ಮತ್ತೆ 576ಕ್ಕೆ ಇಳಿಯುತ್ತವೆ. ಆಗ ಕೆಲವು ಚಾನೆಲ್‌ನಲ್ಲಿ ಸರಿ, ಕೆಲವದರಲ್ಲಿ ಕಟ್ ಅನ್ನುವ ಗೊಂದಲ ಆಗುತ್ತದೆ.

ಇಷ್ಟು ಮಾಡಿದ ಮೇಲೆ ಎರಡು ಹೊಸ ದೂರು ಬರಬಹುದು. ಒಂದು, ಯಾವುದೋ ಎಸ್‌ಡಿ ಚಾನೆಲ್‌ನ ಮೇಲಂಚಿನಲ್ಲಿ ಬಿಳಿ ತುಂಡು ಗೆರೆ ಮಿನುಗುವುದು. ಅದು ಸಿಗ್ನಲ್ ಜೊತೆ ಬರುವ ಗುರುತು. ಇಷ್ಟು ದಿನ ಓವರ್‌ಸ್ಕ್ಯಾನ್ ಅದನ್ನು ಮುಚ್ಚಿಟ್ಟಿತ್ತು, ಅಷ್ಟೇ. ಇನ್ನೊಂದು, ಹಳೇ ಸಿನಿಮಾ ಬಂದಾಗ ಎಡಬಲಕ್ಕೆ ಕಪ್ಪು ಪಟ್ಟಿ. "ಇಷ್ಟು ದೊಡ್ಡ ಟಿವಿ ತಂದು ಕಪ್ಪು ಪಟ್ಟಿ ನೋಡ್ಬೇಕಾ?" ಅಂದರು ಚಿಕ್ಕಮ್ಮ. ಆ ಚಿತ್ರವೇ 4:3, ಎಳೆದರೆ ಮುಖ ಮತ್ತೆ ಊದುತ್ತೆ ಅಂದೆ. ಒಪ್ಪಲಿಲ್ಲ ಅನ್ನಿಸುತ್ತೆ, ಆದರೆ ರಿಮೋಟ್ ಮುಟ್ಟಿಲ್ಲ.

ಒಂದೇ ಒಂದು ಚಾನೆಲ್‌ನಲ್ಲಿ ಮಾತ್ರ ಅಂಚು ಕಟ್ ಆಗಿದ್ದರೆ ನಿಮ್ಮ ಸೆಟ್ಟಿಂಗ್ ಕೆದಕಬೇಡಿ, ಅದು ಬರುವುದೇ ಹಾಗೆ. ಕೇಬಲ್ಲನ್ನು ಇನ್ನೊಂದು ಎಚ್‌ಡಿಎಂಐ ಪೋರ್ಟ್‌ಗೆ ಬದಲಿಸಿದರೆ Screen Fit ಮತ್ತೆ ಹಾಕಬೇಕಾಗಬಹುದು. ಎಷ್ಟೋ ಟಿವಿಗಳು ಅದನ್ನು ಪೋರ್ಟಿಗೊಂದರಂತೆ ನೆನಪಿಡುತ್ತವೆ.