ಬೆಕ್ಕಿನ ಪಕ್ಕೆಲುಬು ಕೈಗೆ ಸಿಗದಿದ್ದರೆ ಎಂತ ಮಾಡುದು?

"ಮಂಗಳೂರಲ್ಲಿ ಫ್ಲಾಟಲ್ಲಿರೋದು. 5 ವರ್ಷದ ಗಂಡು ಬೆಕ್ಕು, ಆಪರೇಷನ್ ಆಗಿದೆ, ಹೊರಗೆ ಬಿಡೋದಿಲ್ಲ. ತೂಕ 6 ಕೆಜಿ ದಾಟಿದೆ, ಹೊಟ್ಟೆ ಜೋತಾಡ್ತದೆ. ಅದು ಬೆಕ್ಕುಗಳಿಗೆ ಸಹಜ ಅಂತ ಕೆಲವರು, ಕೊಬ್ಬು ಅಂತ ಕೆಲವರು. ನಿಜಕ್ಕೂ ದಪ್ಪ ಆಗಿದೆಯಾ ಅಂತ ಮನೇಲೇ ಹೇಗೆ ನೋಡೋದು? ರಾತ್ರಿ ಊಟ ನಿಲ್ಲಿಸಿದ್ರೆ ಸಾಕಾ?"

ರಾತ್ರಿ ಊಟ ಒಮ್ಮೆಲೇ ನಿಲ್ಲಿಸುದು ಬೇಡ ಮಾರಾಯ್ರೆ, ಯಾಕೆ ಅಂತ ಆಮೇಲೆ ಹೇಳ್ತೇನೆ. ಮೊದಲು ಕೈಯಲ್ಲಿ ಮುಟ್ಟಿ ನೋಡ್ಬೇಕು, ಯಾಕಂದ್ರೆ ತೂಕ ಒಂದರಿಂದಲೇ ಎಂತದೂ ಗೊತ್ತಾಗುದಿಲ್ಲ. ದೊಡ್ಡ ಮೈಕಟ್ಟಿನ ಗಂಡು ಬೆಕ್ಕು ಐದೂವರೆ ಕೆಜಿ ಇದ್ದೂ ಸರಿಯಾಗಿಯೇ ಇರಬಹುದು, ಸಣ್ಣ ಹೆಣ್ಣು ಬೆಕ್ಕಿಗೆ ನಾಲ್ಕೂವರೆಯೇ ಜಾಸ್ತಿ ಆಗಬಹುದು.

ಬೆಕ್ಕು ನಿಂತಿರುವಾಗ ನೋಡಿ, ಮಲಗಿರುವಾಗ ಬೇಡ. ಹಿಂದಿನಿಂದ ಎರಡೂ ಕೈ ಪಕ್ಕೆಯ ಮೇಲಿಟ್ಟು ಬೆರಳುಗಳನ್ನು ಚಪ್ಪಟೆಯಾಗಿ ಹಿಂದೆ ಮುಂದೆ ಜಾರಿಸಿ, ಒತ್ತಬಾರದು. ಪಕ್ಕೆಲುಬು ಹೇಗೆ ಸಿಗ್ತದೆ ಅನ್ನುವುದನ್ನು ನಿಮ್ಮದೇ ಕೈಗೆ ಹೋಲಿಸಿ ನೋಡ್ಲಿಕ್ಕೆ ಆಗ್ತದೆ. ಮುಷ್ಟಿ ಕಟ್ಟಿ ಗೆಣ್ಣುಗಳ ಮೇಲೆ ಇನ್ನೊಂದು ಕೈಯ ಬೆರಳು ಓಡಿಸಿ, ಪಕ್ಕೆಲುಬು ಹಾಗೆ ಎದ್ದು ಸಿಕ್ಕಿದ್ರೆ ಬೆಕ್ಕು ಸಣ್ಣ ಆಗಿದೆ. ಈಗ ಕೈ ಬಿಡಿಸಿ ಮೇಜಿನ ಮೇಲೆ ಅಂಗೈ ಕೆಳಗೆ ಮಾಡಿ ಇಡಿ, ಹಿಂಗೈಯ ಎಲುಬುಗಳ ಮೇಲೆ ಬೆರಳು ಓಡಿಸಿದ್ರೆ ತೆಳುವಾದ ಒಂದು ಪದರದ ಕೆಳಗೆ ಒಂದೊಂದೇ ಎಲುಬು ಸಿಗ್ತದಲ್ಲ, ಬೆಕ್ಕಿನ ಪಕ್ಕೆ ಹಾಗೆ ಇರ್ಬೇಕು. ಕೈ ತಿರುಗಿಸಿ ಅಂಗೈ ಕಡೆ, ಬೆರಳು ಶುರುವಾಗುವ ದಪ್ಪ ಜಾಗ ಮುಟ್ಟಿ. ಎಲುಬು ಉಂಟು ಅಂತ ಗೊತ್ತು ಆದ್ರೆ ಒತ್ತಿದ್ರೆ ಮಾತ್ರ ಸಿಗ್ತದೆ, ಅಲ್ವಾ? ಬೆಕ್ಕಿನ ಪಕ್ಕೆ ಹಾಗಿದ್ದರೆ ಅದು ದಪ್ಪ ಆಗಿದೆ ಅಂತಲೇ ಅರ್ಥ.

ಇನ್ನು ಆ ಜೋತಾಡುವ ಹೊಟ್ಟೆ. ಹಿಂಗಾಲುಗಳ ಮುಂದೆ ಜೋತಾಡುವ ಚರ್ಮದ ಚೀಲ ಸಪೂರ ಬೆಕ್ಕಿಗೂ ಇರ್ತದೆ, ಆ ಮಟ್ಟಿಗೆ ಸಹಜ ಅನ್ನುವವರು ಹೇಳುದು ಸರಿಯೇ. ಅದನ್ನು ಮೆಲ್ಲ ಎರಡು ಬೆರಳಲ್ಲಿ ಹಿಡಿದು ನೋಡಿ: ಖಾಲಿ ಚರ್ಮದ ಹಾಗೆ ತೆಳ್ಳಗೆ ಇದ್ರೆ ಅದು ಬರೀ ಚೀಲ, ಕೈ ತುಂಬ ಮೆತ್ತಗೆ ಭಾರವಾಗಿ ಸಿಕ್ಕಿದ್ರೆ ಒಳಗೆ ಕೊಬ್ಬು ತುಂಬಿದೆ. ಮೇಲಿಂದ ನೋಡುವಾಗ ಪಕ್ಕೆಯ ಹಿಂದೆ ಸೊಂಟ ಒಂಚೂರಾದರೂ ಒಳಗೆ ಹೋಗಿರ್ಬೇಕು, ಆದ್ರೆ ಉದ್ದ ರೋಮದ ಬೆಕ್ಕಲ್ಲಿ ಕಣ್ಣು ಮೋಸ ಮಾಡ್ತದೆ, ಕೈಯನ್ನೇ ನಂಬಿ. ಮತ್ತೆ ಒಂದು ವಿಷಯ ತುಂಬ ಜನ ನೋಡುದೇ ಇಲ್ಲ, ಬೆನ್ನೆಲುಬಿನ ಮೇಲೆ ಬಾಲದ ತನಕ ಬೆರಳು ಎಳೀರಿ. ಹೊಟ್ಟೆ ಡೋಲಿನ ಹಾಗೆ ದೊಡ್ಡದಿದ್ದು ಬೆನ್ನೆಲುಬು, ಸೊಂಟದ ಎಲುಬು ಮಾತ್ರ ಚುಚ್ಚುವ ಹಾಗೆ ಸಿಕ್ಕಿದ್ರೆ ಅದು ಕೊಬ್ಬೇ ಅಲ್ಲ, ಹೊಟ್ಟೆಯಲ್ಲಿ ನೀರು ತುಂಬಿರಬಹುದು ಅಥವಾ ಬೇರೆ ಕಾಯಿಲೆ ಇರಬಹುದು. ಆಗ ಡಯಟ್ ಮಾತು ಬಿಟ್ಟು ಡಾಕ್ಟರ ಹತ್ರ ಹೋಗಿ. ಜಾಸ್ತಿ ನೀರು ಕುಡಿದು ಜಾಸ್ತಿ ಮೂತ್ರ ಮಾಡ್ತಿದ್ರೂ ಅಷ್ಟೇ, ಮೊದಲು ಶುಗರ್ ಟೆಸ್ಟ್.

ಡಾಕ್ಟರು ಬೆಕ್ಕಿನ ಮೈಕಟ್ಟಿಗೆ 1ರಿಂದ 9ರ ತನಕ ಅಂಕ ಕೊಡ್ತಾರೆ, 5 ಅಂದ್ರೆ ಸರಿ. ಅದರ ಮೇಲೆ ಒಂದೊಂದು ಅಂಕಕ್ಕೂ ಸರಿಸುಮಾರು 10 ಶೇಕಡಾ ಜಾಸ್ತಿ ತೂಕ ಅಂತ ಲೆಕ್ಕ. ನಮ್ಮ ಬೊಳ್ಳುವಿಗೆ (ಬಿಳಿ ಬೆಕ್ಕು, ಉಡುಪಿಯಲ್ಲಿ ಬೊಳ್ಳು ಅಲ್ಲದೆ ಇನ್ನೆಂತ ಹೆಸರು ಇಡುದು) 6.2 ಕೆಜಿ ಇದ್ದಾಗ 8 ಸಿಕ್ಕಿತು. ಅಂದ್ರೆ 30 ಶೇಕಡಾ ಜಾಸ್ತಿ. 6.2ನ್ನು 1.3ರಿಂದ ಭಾಗಿಸಿದ್ರೆ ಹತ್ತಿರ ಹತ್ತಿರ 4.8 ಕೆಜಿ, ಅದು ನಮ್ಮ ಗುರಿ.

ಆಗ ನಾನು ಮಾಡಿದ ತಪ್ಪು ಹೇಳ್ತೇನೆ ಕೇಳಿ. ಉತ್ಸಾಹದಲ್ಲಿ ಮರುದಿನವೇ ಹಳೇ ಫುಡ್ ತೆಗೆದು ಪಾತ್ರೆಗೆ ಪೂರ್ತಿ ಹೊಸ ಲೈಟ್ ಫುಡ್ ಹಾಕಿದೆ, ಅದು ಮೂಸಿ ನೋಡಿ ಹೋಯ್ತು, ಹಸಿವಾದ್ರೆ ತಾನಾಗೇ ತಿಂತದೆ ಅಂತ ನಾನೂ ಹಠ ಹಿಡಿದೆ, ಒಂದೂವರೆ ದಿನ ಬೊಳ್ಳು ಎಂತದೂ ತಿನ್ಲಿಲ್ಲ. ಫೋನ್ ಮಾಡಿದ್ದಕ್ಕೆ ಡಾಕ್ಟರು ಚೆನ್ನಾಗಿ ಬೈದ್ರು. ನಾಯಿ ಒಂದು ದಿನ ಉಪವಾಸ ಇದ್ದ ಹಾಗೆ ಅಲ್ಲ ಇದು. ದಪ್ಪ ಬೆಕ್ಕು ತಿನ್ನುದು ನಿಲ್ಲಿಸಿದ್ರೆ ಮೈಯ ಕೊಬ್ಬೆಲ್ಲ ಕರಗಿ ಲಿವರಿಗೆ ನುಗ್ತದೆ, ಬೆಕ್ಕಿನ ಲಿವರಿಗೆ ಅಷ್ಟನ್ನು ಸಂಭಾಳಿಸ್ಲಿಕ್ಕೆ ಆಗುದಿಲ್ಲ, ಕೊಬ್ಬು ಅಲ್ಲೇ ತುಂಬಿ ಲಿವರೇ ಕೆಲಸ ನಿಲ್ಲಿಸ್ತದೆ. ಎರಡು ಮೂರು ದಿನದ ಉಪವಾಸ ಸಾಕು, ಮತ್ತೆ ಟ್ಯೂಬ್ ಹಾಕಿ ವಾರಗಟ್ಟಲೆ ತಿನ್ನಿಸುವ ಪರಿಸ್ಥಿತಿ ಬರಬಹುದು. ಒಸಡು, ಕಿವಿಯ ಒಳಗೆ, ಕಣ್ಣಿನ ಬಿಳಿ ಭಾಗ ಹಳದಿ ಆಗುದು, ಜೊಲ್ಲು, ವಾಂತಿ, ಇವು ಕಂಡ್ರೆ ಅದೇ ದಿನ ಓಡಿ. ಹಳದಿ ಆಗುವ ತನಕ ಕಾಯ್ಲೂ ಬಾರದು, 24 ಗಂಟೆ ಎಂತದೂ ತಿನ್ನದಿದ್ರೆ ಫೋನ್ ಮಾಡಿ. ಡಯಟ್ ಕೆಟ್ಟು ಹೋಗ್ಲಿ, ಆ ಹೊತ್ತಿಗೆ ಅದಕ್ಕೆ ಇಷ್ಟ ಇರುವ ಹಳೇ ಫುಡ್ಡೇ ಕೊಡಿ. ಫುಡ್ ಬದಲಿಸುದಾದ್ರೆ ಹಳೇದಕ್ಕೆ ಸ್ವಲ್ಪ ಸ್ವಲ್ಪ ಹೊಸತು ಸೇರಿಸ್ತಾ 7ರಿಂದ 10 ದಿನ ತಗೊಳ್ಳಿ.

ಸರಿ, ಹಾಗಾದ್ರೆ ಕಡಿಮೆ ಮಾಡುದು ಹೇಗೆ. ಮೊದಲ ಒಂದು ವಾರ ಎಂತದೂ ಬದಲಿಸ್ಬೇಡಿ, ಬಾಯಿಗೆ ಹೋಗುವುದನ್ನೆಲ್ಲ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಗ್ರಾಂ ಲೆಕ್ಕದಲ್ಲಿ ತೂಗಿ ಬರೀರಿ. ಕಪ್ಪಿನ ಅಳತೆ ನಂಬಬೇಡಿ, ಒಂದೇ ಕಪ್ಪಲ್ಲಿ ದಿನಕ್ಕೊಂದು ತೂಕ ಬರ್ತದೆ. ನಮ್ಮ ಪಟ್ಟಿ ಹೀಗಿತ್ತು: ಡ್ರೈ ಫುಡ್ 50 ಗ್ರಾಂ, ಪ್ಯಾಕೆಟಿನ ಲೆಕ್ಕದಲ್ಲಿ 190 ಕ್ಯಾಲೊರಿ. ಬೆಳಿಗ್ಗೆ ಅರ್ಧ ಲೋಟ ಹಾಲು, 30. ಮಧ್ಯಾಹ್ನ ಅಮ್ಮನ ಕೈಯಿಂದ ಹುರಿದ ಬೂತಾಯಿ ಒಂದು, ಅಂದಾಜು 60. ಒಟ್ಟು 280. ನಾನು ಇಷ್ಟು ದಿನ ಪ್ಯಾಕೆಟನ್ನೇ ದೂರಿದ್ದು, ನೋಡಿದ್ರೆ ಮೂರನೇ ಒಂದು ಪಾಲು ಪಾತ್ರೆಯ ಹೊರಗಿಂದಲೇ ಬರ್ತಿತ್ತು.

ಎಷ್ಟಕ್ಕೆ ಇಳಿಸ್ಬೇಕು ಅಂತ ಗೊತ್ತಾಗ್ಲಿಕ್ಕೆ ಗುರಿಯ ತೂಕ ಹಿಡ್ಕೊಳ್ಳಿ, ಈಗಿನ ತೂಕ ಅಲ್ಲ. ಫೋನಿನ ಕ್ಯಾಲ್ಕುಲೇಟರಲ್ಲಿ 4.8 × 4.8 × 4.8 ಎಷ್ಟು ಅಂತ ನೋಡಿ, ಬಂದದ್ದಕ್ಕೆ √ ಮಾಡಿ, ಆ ಉತ್ತರಕ್ಕೆ ಇನ್ನೊಮ್ಮೆ √ ಮಾಡಿ, ಕೊನೆಗೆ ಬಂದದ್ದನ್ನು 70ರಿಂದ ಗುಣಿಸಿ. 227 ಬರ್ತದೆ, ಆ ತೂಕದ ಬೆಕ್ಕು ಸುಮ್ಮನೆ ಮಲಗಿದ್ರೂ ದಿನಕ್ಕೆ ಬೇಕಾಗುವ ಕ್ಯಾಲೊರಿ ಅದು. ಅದರ 80 ಶೇಕಡಾ, ಅಂದ್ರೆ ದಿನಕ್ಕೆ 180 ಕ್ಯಾಲೊರಿ. ಆದ್ರೆ 280ರಿಂದ 180ಕ್ಕೆ ಹಾರುದಲ್ಲ, ಮೆಟ್ಟಿಲು ಮೆಟ್ಟಿಲಾಗಿ ಇಳೀಬೇಕು. ನಾವು ಮೊದಲು ಹಾಲು ಮಾತ್ರ ನಿಲ್ಲಿಸಿದ್ದು, 250 ಆಯ್ತು. ಎರಡು ವಾರ ಬಿಟ್ಟು ಹುರಿದ ಮೀನಿನ ಬದಲು ಉಪ್ಪಿಲ್ಲದೆ ಬೇಯಿಸಿದ, ಮುಳ್ಳು ತೆಗೆದ ಸಣ್ಣ ತುಂಡು, 210. (ಹೇಗೂ ಮಸಾಲೆ ಹಚ್ಚಿದ ಮೀನು ಬೆಕ್ಕಿಗೆ ಕೊಡ್ಲೇ ಬಾರದು, ನೀರುಳ್ಳಿ ಬೆಳ್ಳುಳ್ಳಿ ಅದರ ರಕ್ತಕ್ಕೆ ವಿಷ.) ಆಮೇಲೆ ಡ್ರೈ ಫುಡ್ 45 ಗ್ರಾಂ ಮಾಡಿದ್ದು, 190 ಆಯ್ತು. ತೂಕ ಇಳಿತಾ ಇದ್ದ ಕಾರಣ 180ಕ್ಕೆ ಹೋಗ್ಲೇ ಇಲ್ಲ. ಅದಕ್ಕಿಂತ ಕೆಳಗೆ ಸಾಮಾನ್ಯ ಫುಡ್ಡನ್ನೇ ಕತ್ತರಿಸ್ತಾ ಹೋದ್ರೆ ಕ್ಯಾಲೊರಿಯ ಜೊತೆಗೆ ಪ್ರೋಟೀನು, ವಿಟಮಿನ್ನೂ ಕಮ್ಮಿ ಆಗಿ ಬೆಕ್ಕು ಸ್ನಾಯು ಕಳ್ಕೊಳ್ತದೆ, ಆಗ ತೂಕ ಇಳಿಸ್ಲಿಕ್ಕೆ ಅಂತಲೇ ಇರುವ ಫುಡ್ ಡಾಕ್ಟರ ಹತ್ರ ಕೇಳಿ. ನಿಮ್ಮ ರಾತ್ರಿ ಊಟದ ಪ್ರಶ್ನೆಗೆ ಉತ್ತರ ಇಲ್ಲೇ ಉಂಟು: ಊಟ ತೆಗೀಬೇಡಿ, ದಿನದ ಒಟ್ಟು ಕಮ್ಮಿ ಮಾಡಿ ಅದನ್ನೇ ನಾಲ್ಕು ಪಾಲು ಮಾಡಿ. ಕೊನೆಯ ಪಾಲು ಮಲಗುವ ಮೊದಲು ಕೊಟ್ರೆ ಬೆಳಗ್ಗಿನ ನಾಲ್ಕು ಗಂಟೆಯ ಸಂಗೀತವೂ ಕಮ್ಮಿ ಆಗ್ತದೆ.

ತೂಗುದರಲ್ಲಿ ಒಂದು ಸಮಸ್ಯೆ ಉಂಟು. ವಾರಕ್ಕೆ ದೇಹದ ತೂಕದ ಅರ್ಧದಿಂದ 1 ಶೇಕಡಾ ಇಳಿದ್ರೆ ಸಾಕು, 6 ಕೆಜಿಯ ಬೆಕ್ಕಿಗೆ ಅಂದ್ರೆ 30ರಿಂದ 60 ಗ್ರಾಂ. ಬೆಕ್ಕನ್ನು ಎತ್ತಿಕೊಂಡು ನಾವು ನಿಲ್ಲುವ ತಕ್ಕಡಿ 100 ಗ್ರಾಂಗಿಂತ ಸಣ್ಣದು ತೋರಿಸುದಿಲ್ಲ, ಹಾಗಾಗಿ ಎಂತದೂ ಆಗ್ತಿಲ್ಲ ಅಂತ ಜನ ಗಾಬರಿಯಾಗಿ ಊಟ ಇನ್ನೂ ಕತ್ತರಿಸ್ತಾರೆ. ಲಗೇಜ್ ತೂಗುವ ಡಿಜಿಟಲ್ ಕೊಕ್ಕೆ ತಕ್ಕಡಿ ತಗೊಳ್ಳಿ, 10 ಗ್ರಾಂ ತನಕ ತೋರಿಸುವಂಥದ್ದು. ಬೆಕ್ಕನ್ನು ಬುಟ್ಟಿಯಲ್ಲಿ ಕೂರಿಸಿ ತೂಗಿ ಬುಟ್ಟಿಯ ತೂಕ ಕಳೀರಿ, ವಾರಕ್ಕೊಮ್ಮೆ, ಬೆಳಿಗ್ಗೆ ತಿನ್ನುವ ಮೊದಲು. ಒಂದು ವಾರದ ಅಂಕಿ ನೋಡಿ ಎಂತದೂ ತೀರ್ಮಾನ ಮಾಡ್ಬೇಡಿ, ಮೂರು ವಾರ ಅಲುಗದೇ ಇದ್ರೆ ಆಗ 5ರಿಂದ 10 ಶೇಕಡಾ ಕಮ್ಮಿ ಮಾಡಿ. ವಾರಕ್ಕೆ 2 ಶೇಕಡಾಕ್ಕಿಂತ ಜಾಸ್ತಿ, ಅಂದ್ರೆ 120 ಗ್ರಾಂ ಮೇಲೆ ಇಳಿತಾ ಇದ್ರೆ ಖುಷಿ ಪಡುದಲ್ಲ, ಊಟ ಜಾಸ್ತಿ ಮಾಡ್ಬೇಕು.

ನಮ್ಮದು ಫೆಬ್ರವರಿಯಲ್ಲಿ ಶುರು, ಮೇ ಹೊತ್ತಿಗೆ 5.85ಕ್ಕೆ ಬಂದು ಅಲ್ಲೇ ಕೂತಿತು. ಒಂದು ತಿಂಗಳು ಅಲುಗ್ಲಿಲ್ಲ. ಇನ್ನೂ 5 ಗ್ರಾಂ ಕತ್ತರಿಸುವ ಅಂತ ಇದ್ದೆ, ಅಷ್ಟರಲ್ಲಿ ಜೂನ್ 1 ಬಂತು, ಬೋಟು ಬಂದ್ ಆಯ್ತು, ಮನೆಗೆ ಮೀನು ಬರುದು ನಿಂತಿತು. ಎರಡೇ ವಾರದಲ್ಲಿ ಬೊಳ್ಳುವಿನ ತೂಕ ಮತ್ತೆ ಇಳಿಲಿಕ್ಕೆ ಶುರು. ನಾನು ಅಮ್ಮನ ಮುಖ ನೋಡಿದೆ. "ತಲೆ ಮಾತ್ರ ಹಾಕ್ತಿದ್ದದ್ದು ಮಾರಾಯ, ಬಿಸಾಡುವ ತಲೆ ಅಲ್ವಾ ಅದು" ಅಂದ್ರು. ಕೊಬ್ಬಿನ ಮೀನಿನ ತಲೆಗೂ ಕ್ಯಾಲೊರಿ ಉಂಟು. ಆಗಸ್ಟಿನಲ್ಲಿ ಮತ್ತೆ ಮೀನು ಬರುವ ಹೊತ್ತಿಗೆ ಒಂದು ಒಪ್ಪಂದ ಮಾಡ್ಕೊಂಡೆವು: ಬೆಳಿಗ್ಗೆಯೇ ದಿನದ ಡ್ರೈ ಫುಡ್ ತೂಗಿ ಡಬ್ಬಿಗೆ ಹಾಕುದು, ಅಮ್ಮನಿಗೆ ಕೊಡ್ಬೇಕು ಅನಿಸಿದಾಗೆಲ್ಲ ಆ ಡಬ್ಬಿಯಿಂದಲೇ ಕೊಡುದು. ಅಮ್ಮ ಒಂದೊಂದೇ ಕಾಳನ್ನು ಜಗಲಿಯ ಉದ್ದಕ್ಕೆ ಎಸೀತಾರೆ, ಅದು ಓಡಿ ಹೋಗಿ ತಿಂತದೆ, ಅದರ ವ್ಯಾಯಾಮವೂ ಅಷ್ಟೇ. ನಿಮ್ಮ ಮನೆಯಲ್ಲೂ ತೂಕ ಅಲುಗದೇ ಇದ್ರೆ ಲೆಕ್ಕ ತಿದ್ದುವ ಮೊದಲು ಮನೆಯವರನ್ನು ಒಬ್ಬೊಬ್ಬರನ್ನೇ ಕರೆದು ಕೇಳಿ, ಕೆಲಸದವರನ್ನೂ ಸೇರಿಸಿ.

ದೀಪಾವಳಿ ಹೊತ್ತಿಗೆ 5 ಕೆಜಿ ಆಯ್ತು. ಗುರಿ 4.8 ಇದ್ದದ್ದು, ಆದ್ರೆ ಪಕ್ಕೆ ಮುಟ್ಟಿದ್ರೆ ಹಿಂಗೈಯ ಹಾಗೆಯೇ ಸಿಕ್ತಿತ್ತು, ಸೊಂಟವೂ ಕಾಣ್ತಿತ್ತು, ಡಾಕ್ಟರೂ ಸಾಕು ಅಂದ್ರು. ಕೊಬ್ಬಿನ ಜೊತೆಗೆ ಬೆನ್ನಿನ ಸ್ನಾಯು ಕರಗಿಲ್ಲ ಅಂತ ಬೆನ್ನು ಮುಟ್ಟಿ ನೋಡಿ, ಊಟ 10 ಶೇಕಡಾ ಜಾಸ್ತಿ ಮಾಡಿ ತೂಕ ಅಲ್ಲೇ ನಿಲ್ತದಾ ಅಂತ ನೋಡ್ತಾ ಇದ್ದೇವೆ. ಆ ಹೊಟ್ಟೆಯ ಚೀಲ ಹೋಗ್ಲಿಲ್ಲ, ಓಡುವಾಗ ಈಗಲೂ ಆಚೆ ಈಚೆ ತೂಗಾಡ್ತದೆ. ಹಿಡಿದು ನೋಡಿದ್ರೆ ಖಾಲಿ.