ಎಲ್ಲಾ ಮಷಿನ್‌ಗೂ ಒಂದೇ ಗಂಟೆ ರೇಟ್ ಹಾಕಿದರೆ ದುಡ್ಡು ಎಲ್ಲಿ ಹೋಗುತ್ತೆ?

ಪ್ರಶ್ನೆ: ನಮಸ್ಕಾರ ಸರ್. ಬೆಳಗಾವಿಯ ಉದ್ಯಮಬಾಗ್‌ನಲ್ಲಿ ನಮ್ಮದು ಸಣ್ಣ ಜಾಬ್ ವರ್ಕ್ ಶಾಪ್. ಎರಡು ಸಿಎನ್‌ಸಿ ಲೇತ್, ಒಂದು ವಿಎಂಸಿ, ಎರಡು ಶಿಫ್ಟ್. ಮೆಟೀರಿಯಲ್, ಟೂಲ್ ಬಿಟ್ಟು ತಿಂಗಳ ಖರ್ಚು 2,88,600 ರೂಪಾಯಿ (ಪಟ್ಟಿ ಕಳಿಸಿದ್ದೇನೆ). ಮೂರೂ ಮಷಿನ್ ಸೇರಿ 900 ಗಂಟೆ ಅಂತ ಹಿಡಿದು, ಗಂಟೆಗೆ 320 ರೂಪಾಯಿ ಹಾಕಿ, 15 ಪರ್ಸೆಂಟ್ ಲಾಭ ಸೇರಿಸಿ ಕೊಟೇಶನ್ ಕೊಡ್ತೀವಿ. ಲೇತ್ ಜಾಬ್ ಕೈ ತಪ್ಪುತ್ತಿವೆ. ವಿಎಂಸಿ ಜಾಬ್ ಬೇಡ ಅಂದ್ರೂ ಬರ್ತಿವೆ, ಆದ್ರೂ ತಿಂಗಳ ಕೊನೆಗೆ ಕಂತು ಕಟ್ಟೋಕೆ ಒದ್ದಾಟ. ಸಾಲದ ಕಂತನ್ನೂ ರೇಟ್‌ಗೆ ಸೇರಿಸಬೇಕಾ?

ಉತ್ತರ: ಕಂತಿನ ವಿಷಯಕ್ಕೆ ಆಮೇಲೆ ಬರ್ತೀನಿ. ಮೊದಲು ಆ 320 ಅನ್ನು ನೋಡೋಣ, ನಿಮ್ಮ ತೊಂದರೆ ಬಹುಪಾಲು ಅಲ್ಲೇ ಇದೆ.

320 ಅನ್ನೋದು ನಿಮ್ಮ ಶಾಪ್‌ನ ಯಾವ ಮಷಿನ್‌ನ ಖರ್ಚೂ ಅಲ್ಲ. ಲೇತ್ ಅಷ್ಟು ತಿನ್ನಲ್ಲ, ವಿಎಂಸಿ ಅದಕ್ಕಿಂತ ತುಂಬಾ ಜಾಸ್ತಿ ತಿನ್ನುತ್ತೆ. ಒಂದೇ ರೇಟ್ ಹಾಕಿದಾಗ ಲೇತ್ ಜಾಬ್ ಕೊಡುವವರಿಂದ ನೀವು ವಿಎಂಸಿಯ ಖರ್ಚನ್ನೂ ಕೇಳುತ್ತಿದ್ದೀರಿ. ಅವರು ಪಕ್ಕದ ಶಾಪ್‌ಗೆ ಹೋಗ್ತಾರೆ. ವಿಎಂಸಿ ಜಾಬ್ ಇರುವವರಿಗೆ ಊರಲ್ಲೆಲ್ಲ ನಿಮ್ಮ ರೇಟೇ ಕಡಿಮೆ ಅಂತ ಗೊತ್ತಾಗಿದೆ, ಎಲ್ಲರೂ ನಿಮ್ಮ ಹತ್ರ ಬರ್ತಾರೆ. ಅಂದ್ರೆ ಲಾಭ ಬರುವ ಕೆಲಸವನ್ನು ರೇಟ್ ಓಡಿಸ್ತಿದೆ, ನಷ್ಟದ ಕೆಲಸವನ್ನು ಎಳೆದು ತರ್ತಿದೆ.

ಆದ್ದರಿಂದ ಖರ್ಚನ್ನು ಎರಡು ಗುಂಪಾಗಿ ಒಡೆಯಿರಿ: ಎರಡು ಲೇತ್ ಒಂದು ಗುಂಪು, ವಿಎಂಸಿ ಇನ್ನೊಂದು. ನಿಮ್ಮ ಪಟ್ಟಿಯಿಂದಲೇ ಮಾಡಿದ್ದೇನೆ.

ಮೊದಲು ಗಂಟೆಗಳು. 25 ದಿನ, ದಿನಕ್ಕೆ ಎರಡು ಶಿಫ್ಟ್, ಅಂದ್ರೆ 50 ಶಿಫ್ಟ್. ಊಟ, ಚಹಾ ಕಳೆದರೆ ಒಂದು ಶಿಫ್ಟ್‌ನಲ್ಲಿ 7 ಗಂಟೆ ಸಿಗುತ್ತೆ, ಒಟ್ಟು 350. ರಿಪೇರಿ, ಕರೆಂಟ್ ಹೋಗೋದು, ಆಪರೇಟರ್ ರಜೆ ಅಂತ 50 ಗಂಟೆ ತೆಗೆದರೆ ಒಂದು ಮಷಿನ್‌ಗೆ 300. ನೀವು ಹಿಡಿದ 900 ಸರಿಯಾಗೇ ಇದೆ. ಈ 300ರಲ್ಲಿ ಸೆಟ್ಟಿಂಗ್ ಸಮಯವೂ ಸೇರಿದೆ ಅನ್ನೋದನ್ನು ನೆನಪಿಡಿ, ಮುಂದೆ ಬೇಕಾಗುತ್ತೆ.

ಈಗ ವಿಎಂಸಿ. ಅದನ್ನು 36 ಲಕ್ಷಕ್ಕೆ ತಗೊಂಡಿದ್ದೀರಿ. ಹತ್ತು ವರ್ಷ ಓಡಿಸಿ 6 ಲಕ್ಷಕ್ಕೆ ಮಾರಬಹುದು ಅಂತಿದ್ದೀರಿ, ಹಾಗಾಗಿ ಸವಕಳಿ ವರ್ಷಕ್ಕೆ 3 ಲಕ್ಷ, ತಿಂಗಳಿಗೆ 25,000. ಅದು ಹಿಡಿದಿರುವ ಜಾಗದ ಬಾಡಿಗೆ 12,000. ಇಬ್ಬರು ಆಪರೇಟರ್‌ಗಳ ಸಂಬಳ 50,000. ಗಂಟೆಗೆ 6 ಯೂನಿಟ್, ಯೂನಿಟ್‌ಗೆ 8 ರೂಪಾಯಿ ಅಂದರೆ 300 ಗಂಟೆಗೆ ಕರೆಂಟ್ 14,400. ಕೂಲಂಟ್, ಆಯಿಲ್, ರಿಪೇರಿ, ಇನ್ಶೂರೆನ್ಸ್ 12,000. ಸೂಪರ್‌ವೈಸರ್, ಆಫೀಸ್, ಕಂಪ್ರೆಸರ್, ಸ್ಟೋರ್ ಜಾಗದ ಬಾಡಿಗೆ ಇವು ಯಾವ ಮಷಿನ್‌ಗೂ ನೇರ ಸೇರಲ್ಲ. ಒಟ್ಟು 63,000 ಇದೆ, 900 ಗಂಟೆಗೆ ಹಂಚಿದರೆ ಗಂಟೆಗೆ 70, ವಿಎಂಸಿ ಪಾಲು 21,000. ಎಲ್ಲಾ ಕೂಡಿದರೆ 1,34,400. ಭಾಗಿಸು 300, ಗಂಟೆಗೆ 448 ರೂಪಾಯಿ.

ಲೇತ್‌ಗಳಿಗೂ ಇದೇ ಥರ ಮಾಡಿದರೆ ಎರಡಕ್ಕೂ ಸೇರಿ 1,54,200 ಬರುತ್ತೆ, 600 ಗಂಟೆಗೆ ಹಂಚಿದರೆ 257. ಇಲ್ಲಿ ಕಡಿಮೆ ಬರಲು ಮುಖ್ಯ ಕಾರಣ ಬೆಲೆ ಒಂದೇ ಅಲ್ಲ, ನಿಮ್ಮಲ್ಲಿ ಒಂದು ಶಿಫ್ಟ್‌ಗೆ ಒಬ್ಬನೇ ಆಪರೇಟರ್ ಎರಡೂ ಲೇತ್ ನೋಡಿಕೊಳ್ತಾನೆ. ಎರಡು ಗುಂಪೂ ಕೂಡಿದರೆ ಅದೇ 2,88,600. ಒಂದು ರೂಪಾಯಿಯೂ ಹೆಚ್ಚಿಲ್ಲ, ಕಡಿಮೆ ಇಲ್ಲ. ಖರ್ಚು ಯಾರ ಹೆಸರಿಗೆ ಬರೀಬೇಕು ಅನ್ನೋದಷ್ಟೇ ಬದಲಾಗಿದೆ.

ಸವಕಳಿ ಬಗ್ಗೆ ಒಂದು ಮಾತು. ಆಡಿಟರ್ ಪಟ್ಟಿಯ ಅಂಕಿಯನ್ನು ಇಲ್ಲಿ ತರಬೇಡಿ. ಇನ್‌ಕಮ್ ಟ್ಯಾಕ್ಸ್‌ಗೆ ಇಂಥ ಮಷಿನ್ ಮೇಲೆ ಸಾಮಾನ್ಯವಾಗಿ 15 ಪರ್ಸೆಂಟ್, ಅದೂ ಪ್ರತಿ ವರ್ಷ ಉಳಿದ ಬೆಲೆಯ ಮೇಲೆ ಹಾಕ್ತಾರೆ. ಹಾಗೆ ಮಾಡಿದರೆ ಪೂರ್ತಿ ವರ್ಷ ಓಡಿದ ಮೊದಲ ವರ್ಷವೇ 5.4 ಲಕ್ಷ ಆಗುತ್ತೆ, ಆಮೇಲೆ ವರ್ಷದಿಂದ ವರ್ಷಕ್ಕೆ ಇಳೀತಾ ಹೋಗುತ್ತೆ. ಟ್ಯಾಕ್ಸ್‌ಗೆ ಅದು ಸರಿ. ಆದರೆ ಅದೇ ಮಷಿನ್ ಅದೇ ಪೀಸ್ ಮಾಡುವಾಗ ರೇಟ್ ವರ್ಷ ವರ್ಷ ಬದಲಾಗೋಕೆ ಕಾರಣವೇ ಇಲ್ಲ ಅಲ್ವಾ?

ಈಗ ನೀವು ಬರೆದಿದ್ದ ಎರಡು ಜಾಬ್ ತಗೊಳ್ಳೋಣ. ಅಲ್ಯೂಮಿನಿಯಂ ಬ್ರಾಕೆಟ್, ವಿಎಂಸಿ ಮೇಲೆ, 100 ಪೀಸ್. ಲೋಡ್, ಅನ್‌ಲೋಡ್ ಸೇರಿ ಒಂದಕ್ಕೆ 9 ನಿಮಿಷ, ಒಟ್ಟು 15 ಗಂಟೆ. ನೀವು 15 ಗಂಟೆಗೆ 320ರಂತೆ 4,800 ಹಿಡಿದು, ಪೀಸ್‌ಗೆ 48, ಲಾಭ ಸೇರಿಸಿ 55.20 ಕೊಟ್ಟಿದ್ದೀರಿ. ಆದರೆ ಫಿಕ್ಸ್ಚರ್ ಕಟ್ಟಿ, ಟೂಲ್ ಆಫ್‌ಸೆಟ್ ತಗೊಂಡು, ಮೊದಲ ಪೀಸ್ ಪಾಸ್ ಆಗೋವರೆಗೆ 3 ಗಂಟೆ ಹೋಗಿದೆ ಅಂತ ನೀವೇ ಬರೆದಿದ್ದೀರಿ. ಆ 3 ಗಂಟೆ ಮಷಿನ್ ಬೇರೆ ಏನೂ ಮಾಡಿಲ್ಲ. ಅದೂ ಇದೇ ಜಾಬ್‌ನ ಖರ್ಚು. 18 ಗಂಟೆಗೆ 448ರಂತೆ 8,064, ಪೀಸ್‌ಗೆ 80.64. ಲಾಭ ಸೇರಿಸಿ ಕೊಟ್ಟೆ ಅಂದುಕೊಂಡ 55.20 ನಿಮ್ಮ ಖರ್ಚಿಗಿಂತ 25 ರೂಪಾಯಿ ಕೆಳಗಿದೆ. ಎಂಡ್ ಮಿಲ್ ಸವೆದದ್ದು ಇದರಲ್ಲಿ ಇನ್ನೂ ಬಂದೇ ಇಲ್ಲ.

ಇನ್ನೊಂದು, ಲೇತ್ ಮೇಲೆ 500 ಬುಶ್. ಪೀಸ್‌ಗೆ 3 ನಿಮಿಷ, 25 ಗಂಟೆ. ನಿಮ್ಮ ಲೆಕ್ಕದಲ್ಲಿ 16 ರೂಪಾಯಿ, ಲಾಭ ಸೇರಿ 18.40. ಸೆಟ್ಟಿಂಗ್ 2 ಗಂಟೆ ಸೇರಿಸಿ 27 ಗಂಟೆಗೆ 257ರಂತೆ ಹಾಕಿದರೂ ಪೀಸ್‌ಗೆ 13.88, ಲಾಭ ಸೇರಿ 15.96. ಆ ಜಾಬ್ 17 ರೂಪಾಯಿಗೆ ಬೇರೆಯವರಿಗೆ ಹೋಯ್ತು ಅಂದಿದ್ದೀರಿ. ನೀವು 17ಕ್ಕೆ ಮಾಡಿದ್ದರೂ ಒಳ್ಳೇ ಲಾಭ ಇತ್ತು.

ಸೆಟ್ಟಿಂಗ್ ಖರ್ಚನ್ನು ಪೀಸ್ ರೇಟ್ ಒಳಗೆ ಮುಚ್ಚಿಡದೆ ಕೊಟೇಶನ್‌ನಲ್ಲಿ ಬೇರೆ ಸಾಲಾಗಿ ತೋರಿಸಿ ಅಂತ ನಾನು ಹೇಳೋದು. 100 ಪೀಸ್‌ಗೆ ಅಂತ ರೇಟ್ ತಗೊಂಡು, ಆಮೇಲೆ "ಈಗ 20 ಕೊಡಿ ಸಾಕು" ಅನ್ನೋರು ಇದ್ದೇ ಇರ್ತಾರೆ. ಅದೇ ಬ್ರಾಕೆಟ್ 20 ಪೀಸ್ ಆದರೆ 3 ಗಂಟೆ ಸೆಟ್ಟಿಂಗ್, 3 ಗಂಟೆ ಕೆಲಸ, ಒಟ್ಟು 2,688 ರೂಪಾಯಿ, ಪೀಸ್‌ಗೆ 134 ಮೀರುತ್ತೆ. ಸೆಟ್ಟಿಂಗ್ ಬೇರೆ ಬರೆದಿದ್ದರೆ ಜಗಳವೇ ಇಲ್ಲ.

ಕಂತಿನ ಪ್ರಶ್ನೆಗೆ ಉತ್ತರ: ಸೇರಿಸಬೇಡಿ. ಕಂತಿನಲ್ಲಿ ಎರಡು ಭಾಗ ಇದೆ. ಅಸಲು ಅಂದ್ರೆ ಮಷಿನ್ ಬೆಲೆಯೇ, ಅದು ಸವಕಳಿಯಾಗಿ ಆಗಲೇ 448ರ ಒಳಗಿದೆ. ಮತ್ತೆ ಸೇರಿಸಿದರೆ ಒಂದೇ ಮಷಿನ್‌ಗೆ ಗಿರಾಕಿ ಹತ್ರ ಎರಡು ಸಲ ದುಡ್ಡು ಕೇಳಿದ ಹಾಗೆ. ಬಡ್ಡಿ ನಿಮ್ಮ 15 ಪರ್ಸೆಂಟ್ ಒಳಗಿಂದ ಹೋಗಬೇಕು, ಅದಕ್ಕೆ ಸಾಲಲ್ಲ ಅನ್ನಿಸಿದರೆ ಲಾಭದ ಪರ್ಸೆಂಟ್ ಜಾಸ್ತಿ ಮಾಡಿ. ಆದರೆ ನಿಮ್ಮ ಒದ್ದಾಟಕ್ಕೆ ಇನ್ನೊಂದು ಕಾರಣವೂ ಇದೆ. ಸಾಲ 30 ಲಕ್ಷ, 5 ವರ್ಷದಲ್ಲಿ ತೀರಿಸಬೇಕು, ಅಂದ್ರೆ ಅಸಲೇ ತಿಂಗಳಿಗೆ ಸರಾಸರಿ 50,000. ರೇಟ್‌ನಿಂದ ಸವಕಳಿಯಾಗಿ ವಾಪಸ್ ಬರೋದು 25,000. ಹತ್ತು ವರ್ಷ ಓಡೋ ಮಷಿನ್‌ಗೆ ಐದೇ ವರ್ಷದ ಸಾಲ ತಗೊಂಡರೆ ರೇಟ್ ಎಷ್ಟು ಸರಿಯಿದ್ದರೂ ಕೈಯಲ್ಲಿ ದುಡ್ಡು ಬಿಗಿಯಾಗೇ ಇರುತ್ತೆ. ಇದನ್ನು ಬ್ಯಾಂಕ್ ಹತ್ರ ಅವಧಿ ಬೆಳೆಸೋಕೆ ಆಗುತ್ತಾ ಅಂತ ಕೇಳಿ ನೋಡಬೇಕು. ಗಿರಾಕಿಯ ರೇಟ್‌ನಲ್ಲಿ ತುರುಕೋಕೆ ಹೋದರೆ ಆ ಗಿರಾಕಿ ಉಳಿಯಲ್ಲ.

ಇನ್ನು ಬಹಳ ಜನ ಎಡವುವ ಜಾಗ. ನಿಮ್ಮ ಲೇತ್‌ಗಳು ಈಗ ಎರಡೂ ಸೇರಿ 400 ಗಂಟೆ ಮಾತ್ರ ಓಡ್ತಿವೆ ಅಂದಿದ್ದೀರಿ. ಹಾಗಾದ್ರೆ 400ರಿಂದಲೇ ಭಾಗಿಸೋಣ ಅಂತ ಅನ್ನಿಸುತ್ತೆ. ಮಾಡಿ ನೋಡಿ: ಕರೆಂಟ್ ಬಿಟ್ಟು ಉಳಿದ ಖರ್ಚು 1,35,000, ಅದು ಮಷಿನ್ ನಿಂತರೂ ಕಡಿಮೆ ಆಗಲ್ಲ. 400ಕ್ಕೆ ಹಂಚಿದರೆ 337.50, ಕರೆಂಟ್ 32 ಸೇರಿ ಸುಮಾರು 370. ಆ ರೇಟ್‌ನಲ್ಲಿ ಕೇಳಿದರೆ ಇನ್ನಷ್ಟು ಜಾಬ್ ಹೋಗುತ್ತೆ, ಗಂಟೆ 300ಕ್ಕೆ ಇಳಿಯುತ್ತೆ, ರೇಟ್ ಮತ್ತೆ ಏರುತ್ತೆ, ಹೀಗೇ ಶಾಪ್ ಖಾಲಿ ಆಗುತ್ತೆ. ಈಗಿರುವ ಗಿರಾಕಿಗೂ ನಿಂತ ಮಷಿನ್‌ಗೂ ಸಂಬಂಧ ಇಲ್ಲ. ಅದಕ್ಕೇ 600ರಿಂದಲೇ ಭಾಗಿಸಿ, ರೇಟ್ 257ರಲ್ಲೇ ಇಡಿ. ಖಾಲಿ ಹೋದ 200 ಗಂಟೆಗೆ 225ರಂತೆ 45,000 ರೂಪಾಯಿಯನ್ನು ಪ್ರತಿ ತಿಂಗಳು ಬೇರೆ ಬರೆದಿಡಿ. ಯಾವ ಜಾಬ್ ಮೇಲೂ ಹಾಕಬೇಡಿ. ಅದು ಆರ್ಡರ್ ಹುಡುಕದಿದ್ದಕ್ಕೆ ಆಗ್ತಿರೋ ನಷ್ಟ ಎಷ್ಟು ಅನ್ನೋದನ್ನು ಹೇಳುತ್ತೆ.

ಲೇತ್ ಖಾಲಿ ನಿಂತಿರುವಾಗ 257ಕ್ಕಿಂತ ಕೆಳಗೆ ಹೋಗಬಹುದಾ ಅಂತ ಮುಂದಿನ ಪ್ರಶ್ನೆ ಬರುತ್ತೆ. ಹೋಗಬಹುದು, ಎಚ್ಚರಿಕೆಯಿಂದ. ಆಪರೇಟರ್ ಸಂಬಳ, ಬಾಡಿಗೆ ಹೇಗೂ ಹೋಗ್ತಿದೆ, ಹಾಗಾಗಿ ಕರೆಂಟ್ 32, ಇನ್ಸರ್ಟ್, ಮೆಟೀರಿಯಲ್ ಕಳೆದು ಮೇಲೆ ಬಂದಷ್ಟೂ ಆ 45,000 ಅನ್ನು ತಗ್ಗಿಸುತ್ತೆ. ಗಂಟೆಗೆ 180 ಸಿಕ್ಕರೂ ಖಾಲಿ ನಿಲ್ಲಿಸೋದಕ್ಕಿಂತ ಮೇಲು. ಆದರೆ ಒಂದೇ ಸಲದ ಜಾಬ್‌ಗೆ ಮಾತ್ರ, ಪ್ರತಿ ತಿಂಗಳು ಬರುವ ಪಾರ್ಟ್‌ಗೆ ಅಲ್ಲ. ಒಮ್ಮೆ 180 ಅಂದರೆ ಪರ್ಚೇಸ್‌ನವರು ಅದನ್ನೇ ನಿಮ್ಮ ರೇಟ್ ಅಂತ ಹಿಡೀತಾರೆ. ವಿಎಂಸಿಯಲ್ಲಿ ಇದನ್ನು ಮಾಡಲೇಬೇಡಿ, ಅದು ಈಗ ತುಂಬಿದೆ. ತುಂಬಿದ ಮಷಿನ್‌ನಲ್ಲಿ ಕಡಿಮೆ ರೇಟ್‌ನ ಜಾಬ್ ಒಳ್ಳೇ ರೇಟ್‌ನ ಜಾಬ್‌ನ ಜಾಗ ಹಿಡಿಯುತ್ತೆ.

ಇಷ್ಟೆಲ್ಲಾ ಲೆಕ್ಕ ನಿಂತಿರೋದು ಗಂಟೆಯ ಮೇಲೆ, ಆ ಗಂಟೆ ನಿಜವಾ ಅಂತ ನೋಡಬೇಕು. ಮಷಿನ್ ಸ್ಕ್ರೀನ್ ತೋರಿಸುವ ಸೈಕಲ್ ಟೈಮ್ ನಂಬಬೇಡಿ, ಅದರಲ್ಲಿ ಪೀಸ್ ಬದಲಿಸೋದು, ಇನ್ಸರ್ಟ್ ಬದಲಿಸೋದು, ಅಳತೆ ನೋಡೋದು ಇರಲ್ಲ. ಸುಮ್ನೆ ಶಿಫ್ಟ್ ಕೊನೆಗೆ ಒಳ್ಳೇ ಪೀಸ್ ಎಣಿಸಿ. 9 ನಿಮಿಷದ ಬ್ರಾಕೆಟ್ 420 ನಿಮಿಷದ ಶಿಫ್ಟ್‌ನಲ್ಲಿ 46 ಬರಬೇಕು. 38 ಬಂದಿದ್ದರೆ ನಿಜವಾದ ಸಮಯ 11 ನಿಮಿಷ, ಮುಂದಿನ ಕೊಟೇಶನ್ 11ಕ್ಕೆ ಕೊಡಿ. ಜಾಬ್ ಕಾರ್ಡ್ ಮೇಲೆ ಸೆಟ್ಟಿಂಗ್ ಶುರು, ಸೆಟ್ಟಿಂಗ್ ಮುಗಿದದ್ದು, ಕೊನೆಯ ಪೀಸ್ ಅಂತ ಮೂರು ಹೊತ್ತು ಆಪರೇಟರ್ ಬರೆದರೆ ಸಾಕು. ಬ್ರಾಕೆಟ್‌ನ ಮುಂದಿನ ಬ್ಯಾಚ್‌ನಿಂದಲೇ ಶುರು ಮಾಡಿ. ಆ ಗಿರಾಕಿಗೆ ಹೊಸ ರೇಟ್ ಹೇಳೋ ಮೊದಲು ನಿಮ್ಮ ಕೈಯಲ್ಲಿ ಆ ಕಾರ್ಡ್ ಇರಲಿ.